ಲೋಳೆಸರ: ಎಲೆಯಲ್ಲಿ ಇರುವುದೇನು, ಡಬ್ಬಿಯಲ್ಲಿ ಇರುವುದೆಷ್ಟು?

ದೃಷ್ಟಿಯಾಗದಿರಲಿ ಎಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು ನೀರು ಎರಡೂ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ಎಲೆಯೊಳಗಿನ ಲೋಳೆಯೇ ಆ ಗಿಡದ ನೀರಿನ ಕಣಜ. ಹೊರಗಿನ ದಪ್ಪ ಸಿಪ್ಪೆಯ ಮೇಲಿರುವ ಮೇಣದ ಪದರ ಆ ನೀರು ಆರಿಹೋಗದಂತೆ ತಡೆಯುತ್ತದೆ. ಬಿಸಿಲಿಗೆ ಸುಟ್ಟ ಮೈಗೆ, ಒಣಗಿದ ಚರ್ಮಕ್ಕೆ ಲೋಳೆಸರ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಈ ಒಂದು ಸಂಗತಿಯಿಂದಲೇ ಬಹುಪಾಲು ತಿಳಿಯುತ್ತದೆ.

ನೂರು ಗ್ರಾಂ ಲೋಳೆ ತೆಗೆದುಕೊಂಡರೆ ಅದರಲ್ಲಿ ಹೆಚ್ಚುಕಡಿಮೆ ತೊಂಬತ್ತೊಂಬತ್ತು ಗ್ರಾಂ ಬರೀ ನೀರು. ಉಳಿದ ಅರ್ಧದಿಂದ ಒಂದು ಗ್ರಾಮಿನಲ್ಲಿ ಸಕ್ಕರೆಯ ಉದ್ದುದ್ದ ಸರಪಳಿಗಳಂಥ ಅಣುಗಳು, ಒಂದಿಷ್ಟು ಹುಳಿ ಆಮ್ಲ, ಲವಣಗಳು, ಕಿಣ್ವಗಳು ಇರುತ್ತವೆ. ಆ ಸರಪಳಿಗಳಲ್ಲಿ ಮುಖ್ಯವಾದುದಕ್ಕೆ ಅಸೆಮನಾನ್ ಎಂದು ಹೆಸರು. ಲೋಳೆ ಜಾರುವುದೂ ಹಚ್ಚಿದಾಗ ಚರ್ಮದ ಮೇಲೆ ತೆಳು ಪೊರೆಯಾಗಿ ನಿಲ್ಲುವುದೂ ಇಂಥ ಸರಪಳಿಗಳಿಂದ. ಪ್ರಯೋಗಾಲಯದಲ್ಲಿ ಒಂದು ಡಬ್ಬಿಯೊಳಗೆ ನಿಜವಾದ ಲೋಳೆಸರ ಇದೆಯೇ ಎಂದು ಪರೀಕ್ಷಿಸುವವರು ಮೊದಲು ಹುಡುಕುವುದು ಅಸೆಮನಾನನ್ನೇ.

ಆದರೆ ಎಲೆಯಲ್ಲಿ ಇನ್ನೊಂದು ರಸವೂ ಇದೆ. ಸಿಪ್ಪೆಗೂ ಲೋಳೆಗೂ ನಡುವೆ, ಸಿಪ್ಪೆಗೆ ಅಂಟಿಕೊಂಡಂತೆ, ಹಳದಿಯ ಕಹಿ ರಸ ಹರಿಯುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಕರಿಬೋಳ ಎಂದು ಸಿಗುವ ಕಪ್ಪು ಗಟ್ಟಿ ಅದೇ ರಸ ಒಣಗಿ ಆದದ್ದು. ಅದರಲ್ಲಿರುವ ಅಲೋಯಿನ್ ಎಂಬ ಅಂಶ ಹೊಟ್ಟೆಗೆ ಹೋದರೆ ಭೇದಿ ಮಾಡಿಸುತ್ತದೆ. ಹಲವರ ಚರ್ಮಕ್ಕೆ ಈ ರಸ ತಗುಲಿದರೆ ತುರಿಕೆ, ಉರಿ, ಕೆಂಪು ಗುಳ್ಳೆ ಏಳುತ್ತವೆ. ಲೋಳೆಸರ ತನಗೆ ಆಗಿಬರುವುದಿಲ್ಲ ಎನ್ನುವವರಲ್ಲಿ ಅನೇಕರಿಗೆ ಆಗಿಬರದಿರುವುದು ಲೋಳೆಯಲ್ಲ, ಈ ಹಳದಿ ರಸ. ಎಲೆಯನ್ನು ಮುರಿದು, ಸೀಳಿ, ಸಿಪ್ಪೆಯ ಸಮೇತ ಮುಖಕ್ಕೆ ತಿಕ್ಕುವ ರೂಢಿ ನಮ್ಮಲ್ಲಿ ಬಹಳ. ಹಾಗೆ ತಿಕ್ಕುವಾಗ ಸಿಪ್ಪೆಯ ಅಂಚಿನ ಹಳದಿ ರಸವೂ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಬಿಸಿಲಿಗೆ ಬೆಂದ ಚರ್ಮದ ಮೇಲಂತೂ ಹೀಗೆ ಮಾಡಲೇಬಾರದು.

ಇನ್ನೊಂದು ಎಚ್ಚರಿಕೆ ಹಳ್ಳಿಯ ಕಡೆಯವರಿಗೆ. ಹೊಲದ ಬದುವಿನಲ್ಲಿ ಬೇಲಿಗೆ ಬೆಳೆಸುವ ಕತ್ತಾಳೆ ದೂರದಿಂದ ಲೋಳೆಸರದಂತೆಯೇ ಕಾಣುತ್ತದೆ. ಕತ್ತಾಳೆಯ ರಸದಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ತಗುಲಿದ ಕಡೆ ಚರ್ಮ ಕೆಂಪಾಗಿ ವಿಪರೀತ ಉರಿಯುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಕತ್ತಾಳೆಯ ಎಲೆಯ ತುದಿಯಲ್ಲಿ ಗಟ್ಟಿಯಾದ ಕಪ್ಪು ಮುಳ್ಳು ಇರುತ್ತದೆ, ಎಲೆ ಮುರಿದರೆ ನಾರು ಎಳೆಎಳೆಯಾಗಿ ಬರುತ್ತದೆ. ಹಗ್ಗ ಹೊಸೆಯುವುದು ಆ ನಾರಿನಿಂದಲೇ. ಲೋಳೆಸರದ ಎಲೆ ಮೆದು, ಅಂಚಿನ ಮುಳ್ಳೂ ಮೆದು, ಮುರಿದರೆ ನಾರಿಲ್ಲದ ಪಾರದರ್ಶಕ ಲೋಳೆ ಕಾಣುತ್ತದೆ.

ಮನೆಯಲ್ಲಿ ಲೋಳೆ ತೆಗೆಯುವಾಗ ಗಿಡದ ಹೊರಸುತ್ತಿನ, ಬುಡದ ಹತ್ತಿರದ ಬಲಿತ ಎಲೆಯನ್ನು ಆರಿಸಿಕೊಳ್ಳಿ. ಎಳೆಯ ಎಲೆಯಲ್ಲಿ ಲೋಳೆ ಕಡಿಮೆ. ಬುಡದಲ್ಲಿ ಕೊಯ್ದ ಕೂಡಲೇ ಕತ್ತರಿಸಿದ ಕಡೆ ಕೆಳಮುಖವಾಗುವಂತೆ ಲೋಟದೊಳಗೆ ಓರೆಯಾಗಿ ನಿಲ್ಲಿಸಿ ಹದಿನೈದು ನಿಮಿಷ ಬಿಡಿ. ಹಳದಿ ರಸ ಹನಿಹನಿಯಾಗಿ ಲೋಟಕ್ಕೆ ಇಳಿಯುತ್ತದೆ. ಆಮೇಲೆ ಎಲೆಯನ್ನು ತೊಳೆದು ಬುಡದ ಒಂದಂಗುಲ ಬಿಳಿ ಭಾಗವನ್ನೂ ತುದಿಯ ತೆಳು ಭಾಗವನ್ನೂ ಕತ್ತರಿಸಿ ಬಿಸಾಡಿ. ಎರಡೂ ಅಂಚಿನ ಮುಳ್ಳು ಸವರಿ, ಎಲೆಯನ್ನು ಮಣೆಯ ಮೇಲೆ ಮಲಗಿಸಿ, ಮೇಲಿನ ಸಿಪ್ಪೆಯನ್ನು ಚಾಕುವಿನಿಂದ ತುಸು ದಪ್ಪವಾಗಿಯೇ ಹೆರೆಯಿರಿ. ಇಲ್ಲಿ ಜುಗ್ಗತನ ಬೇಡ. ಸಿಪ್ಪೆಯ ಜೊತೆ ಸ್ವಲ್ಪ ಲೋಳೆ ಹೋದರೂ ಚಿಂತೆಯಿಲ್ಲ, ಲೋಳೆಯ ಮೇಲೆ ಹಸಿರು ಅಥವಾ ಹಳದಿ ಉಳಿಯಬಾರದು. ಕೆಳಗಿನ ಸಿಪ್ಪೆಯನ್ನೂ ಹಾಗೆಯೇ ತೆಗೆದರೆ ಕೈಗೆ ಬರುವುದು ಬಣ್ಣವಿಲ್ಲದ, ಗಾಜಿನಂತೆ ಹೊಳೆಯುವ ತುಂಡು. ಅದನ್ನು ಹರಿಯುವ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಮೊದಲ ಸಲ ಬಳಸುವವರು ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾಯಬೇಕು. ತುರಿಕೆ ಬರದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಎಲೆಯೊಳಗೆ ಇದ್ದಾಗ ಅಷ್ಟು ಗಟ್ಟಿ ಬಾಳುವ ಲೋಳೆ ಹೊರಗೆ ಬಂದ ಮೇಲೆ ಬಹಳ ಬೇಗ ಕೆಡುತ್ತದೆ. ಅದರಲ್ಲೇ ಇರುವ ಕಿಣ್ವಗಳು ಆ ಸರಪಳಿಗಳನ್ನು ತುಂಡರಿಸುತ್ತವೆ, ಗಾಳಿ ತಾಗಿ ಬಣ್ಣ ತಿರುಗುತ್ತದೆ, ನೀರೂ ಸಕ್ಕರೆಯೂ ಇರುವುದರಿಂದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮಿಕ್ಸಿಯಲ್ಲಿ ತಿರುಗಿಸಿದರೆ ಗಾಳಿ ತುಂಬಿ ನೊರೆಯಾಗಿ ಇನ್ನೂ ಬೇಗ ಕೆಡುತ್ತದೆ. ಆದ್ದರಿಂದ ಒಂದು ಹೊತ್ತಿಗೆ ಬೇಕಾದಷ್ಟನ್ನೇ ತೆಗೆಯುವುದು ಒಳ್ಳೆಯದು. ಉಳಿದರೆ ಮುಚ್ಚಳವಿರುವ ಶುದ್ಧ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಗುಲಾಬಿ ಅಥವಾ ಕಂದು ಬಣ್ಣ, ಹುಳಿ ವಾಸನೆ, ಜಾರುವ ಗುಣ ಹೋಗಿ ನೀರಿನಂತೆ ಆಗುವುದು, ಈ ಮೂರರಲ್ಲಿ ಒಂದು ಕಂಡರೂ ಚೆಲ್ಲಿಬಿಡಿ.

ಡಬ್ಬಿಯ ಜೆಲ್ ಹುಟ್ಟಿದ್ದು ಈ ಕೆಡುವ ಸಮಸ್ಯೆಯಿಂದ. ಎಲೆ ಊರಿಂದ ಊರಿಗೆ ಹೋಗಿ ಎರಡು ವರ್ಷ ಅಂಗಡಿಯ ಕಪಾಟಿನಲ್ಲಿ ಕೂರಬೇಕಾದರೆ ಏನಾದರೂ ಸೇರಿಸಲೇಬೇಕು. ಹೀಗಾಗಿ ಸೇರಿಸಿದ್ದೆಲ್ಲ ವಿಷ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ನೀರೇ ಮುಖ್ಯವಾಗಿರುವ ಯಾವುದೇ ಲೇಪಕ್ಕೆ ಸಂರಕ್ಷಕ ಹಾಕದಿದ್ದರೆ ಅದು ಬ್ಯಾಕ್ಟೀರಿಯಾದ ತೊಟ್ಟಿಯಾಗುತ್ತದೆ. ಯಾವ ಸಂರಕ್ಷಕವೂ ಇಲ್ಲ ಎಂದು ಬರೆದುಕೊಂಡು, ಫ್ರಿಜ್ಜಿನ ಹೊರಗೇ ಎರಡು ವರ್ಷ ಬಾಳುತ್ತದೆ ಎನ್ನುವ ಡಬ್ಬಿಯನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ. ಕೇಳಬೇಕಾದ ಪ್ರಶ್ನೆಗಳು ಎರಡು. ಏನನ್ನು ಸೇರಿಸಿದ್ದಾರೆ? ಲೋಳೆಸರ ಎಷ್ಟಿದೆ?

ಉತ್ತರ ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರಗಳಲ್ಲಿದೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇಕಡಾ ಒಂದಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕು. ಶೇಕಡಾ ಒಂದು ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಆ ಪಟ್ಟಿಯ ಕೊನೆಗೆ ಯಾವ ಕ್ರಮದಲ್ಲಾದರೂ ಬರೆಯಬಹುದು. ತೀರ ಚಿಕ್ಕ ಡಬ್ಬಿಗಳಿಗೆ ಈ ಪಟ್ಟಿಯಿಂದ ವಿನಾಯಿತಿ ಇದೆ, ಆದ್ದರಿಂದ ಮಾದರಿಗೆಂದು ಪುಟ್ಟ ಟ್ಯೂಬು ಕೊಂಡವರಿಗೆ ಇದು ಕಾಣದೆ ಇರಬಹುದು.

ಒಂದು ಪಟ್ಟಿಯನ್ನು ಓದಿಯೇ ನೋಡೋಣ. ಯಾವುದೇ ಒಂದು ಕಂಪನಿಯದಲ್ಲ, ಹಸಿರು ಬಣ್ಣದ, 200 ಗ್ರಾಮಿನ ಡಬ್ಬಿಗಳ ಹಿಂದೆ ಸಾಮಾನ್ಯವಾಗಿ ಕಾಣುವಂಥದ್ದು: ಆಕ್ವಾ, ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಫಿನಾಕ್ಸಿಎಥನಾಲ್, ಕಾರ್ಬೋಮರ್, ಟ್ರೈಎಥನಾಲಮೈನ್, ಅಲೋ ಬಾರ್ಬಡೆನ್ಸಿಸ್ ಲೀಫ್ ಜ್ಯೂಸ್ ಪೌಡರ್, ಪರ್ಫ್ಯೂಮ್, ಸಿಐ 19140, ಸಿಐ 42090. ಡಬ್ಬಿಯ ಮುಂದೆ ದೊಡ್ಡದಾಗಿ 99 ಪ್ರತಿಶತ ಲೋಳೆಸರ ಎಂದು ಬರೆದಿದೆ ಎಂದಿಟ್ಟುಕೊಳ್ಳಿ.

ಮೊದಲ ಹೆಸರು ಆಕ್ವಾ, ಅಂದರೆ ನೀರು. ಫಿನಾಕ್ಸಿಎಥನಾಲ್ ಇಲ್ಲಿನ ಸಂರಕ್ಷಕ, ಪಟ್ಟಿ ಓದಲು ಒಳ್ಳೆಯ ಗಡಿಕಲ್ಲೂ ಹೌದು. ಅದನ್ನು ಸಾಮಾನ್ಯವಾಗಿ ಶೇಕಡಾ ಒಂದನ್ನು ಮೀರದಂತೆ ಹಾಕುತ್ತಾರೆ. ಆದ್ದರಿಂದ ಅದರ ನಂತರ ಬಂದದ್ದೆಲ್ಲ ಶೇಕಡಾ ಒಂದು ಅಥವಾ ಅದಕ್ಕಿಂತ ಕಡಿಮೆ. ಈ ಡಬ್ಬಿಯಲ್ಲಿ ಲೋಳೆಸರ ಆ ಗಡಿಯ ಆಚೆಗಿದೆ. 200 ಗ್ರಾಂ ಜೆಲ್ಲಿನಲ್ಲಿ ಹೆಚ್ಚೆಂದರೆ ಎರಡು ಗ್ರಾಂ.

ಹಾಗಾದರೆ 99 ಪ್ರತಿಶತ ಎಂಬುದು ಶುದ್ಧ ಸುಳ್ಳೇ? ಇಲ್ಲಿ ಸ್ವಲ್ಪ ತಾಳ್ಮೆಯಿಂದ ಲೆಕ್ಕ ಹಾಕಬೇಕು. ಪಟ್ಟಿಯಲ್ಲಿರುವುದು ಲೋಳೆಯಲ್ಲ, ಲೋಳೆಯ ನೀರನ್ನು ಆರಿಸಿ ಮಾಡಿದ ಪುಡಿ. ಸುಮಾರು 200 ಕಿಲೋ ಲೋಳೆಯಿಂದ ಒಂದು ಕಿಲೋ ಪುಡಿ ಬರುವಷ್ಟು ಸಾಂದ್ರವಾದುದನ್ನು ವ್ಯಾಪಾರದವರು ಇನ್ನೂರು ಪಟ್ಟಿನ ಪುಡಿ ಎನ್ನುತ್ತಾರೆ. ಅಂಥ ಪುಡಿ ಒಂದು ಗ್ರಾಮಿಗೆ 199 ಗ್ರಾಂ ನೀರು ಸೇರಿಸಿದರೆ ಮತ್ತೆ ಎಲೆಯ ಲೋಳೆಯಷ್ಟೇ ಸತ್ವದ ದ್ರವ ಆಗುತ್ತದೆ. ಅಂದರೆ 200 ಗ್ರಾಮಿನ ಡಬ್ಬಿಯಲ್ಲಿ ನಿಜವಾಗಿ ಒಂದು ಗ್ರಾಂ ಒಳ್ಳೆಯ ಪುಡಿ ಇದ್ದರೆ ಕಂಪನಿಯ ಮಾತು ಲೆಕ್ಕಕ್ಕೆ ನಿಲ್ಲುತ್ತದೆ. ಅದರ ಬದಲು ಕಾಲು ಗ್ರಾಂ ಇದ್ದರೆ ಅದು 50 ಗ್ರಾಂ ಲೋಳೆಗೆ ಸಮ, ಡಬ್ಬಿಯ ಕಾಲು ಭಾಗ. ಒಂದು ಚಿಟಿಕೆಯಷ್ಟೇ ಇದ್ದರೂ ಪಟ್ಟಿಯಲ್ಲಿ ಅದೇ ಜಾಗದಲ್ಲಿ ಅದೇ ಹೆಸರು ಇರುತ್ತದೆ. ಗಡಿಯ ಆಚೆ ಕ್ರಮ ಕಡ್ಡಾಯವಲ್ಲದ್ದರಿಂದ ಕಾರ್ಬೋಮರಿಗಿಂತ ಮೊದಲು ಬರೆದಿದ್ದಾರೋ ನಂತರ ಬರೆದಿದ್ದಾರೋ ಎಂಬುದರಿಂದಲೂ ಏನೂ ತಿಳಿಯದು. ಪುಡಿ ಮಾಡುವಾಗ ಅಗ್ಗದ ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟದ ಸಕ್ಕರೆಯನ್ನು ಬೆರೆಸುವ ಪದ್ಧತಿಯೂ ಇದೆ. ಆಗ ಪುಡಿಯ ತೂಕವೆಲ್ಲ ಲೋಳೆಸರದ್ದೂ ಅಲ್ಲ.

ಇದು ಬರೀ ಊಹೆಯ ಭಯವಲ್ಲ. 2016ರಲ್ಲಿ ಅಮೆರಿಕದಲ್ಲಿ ಒಂದು ಸುದ್ದಿಸಂಸ್ಥೆ ಅಲ್ಲಿನ ದೊಡ್ಡ ಅಂಗಡಿ ಸರಣಿಗಳು ತಮ್ಮದೇ ಹೆಸರಿನಲ್ಲಿ ಮಾರುತ್ತಿದ್ದ ನಾಲ್ಕು ಲೋಳೆಸರದ ಜೆಲ್‌ಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಮೂರರಲ್ಲಿ ಅಸೆಮನಾನ್ ಸೇರಿದಂತೆ ಲೋಳೆಸರದ ಮುಖ್ಯ ಗುರುತುಗಳೇ ಸಿಗಲಿಲ್ಲ, ಸಿಕ್ಕಿದ್ದು ಮಾಲ್ಟೋಡೆಕ್ಸ್ಟ್ರಿನ್. ಆದರೂ ಆ ಡಬ್ಬಿಗಳ ಪಟ್ಟಿಯಲ್ಲಿ ಲೋಳೆಸರದ ರಸ ಮೇಲಿನ ಸಾಲಿನಲ್ಲೇ ಇತ್ತು. ಆ ಪರೀಕ್ಷೆಯ ವಿಧಾನ ಸರಿಯಿಲ್ಲ ಎಂದು ತಯಾರಕರು ತಕರಾರು ತೆಗೆದರು. ಕೊಳ್ಳುವ ನಮಗೆ ಇದರಿಂದ ತಿಳಿಯುವುದು ಇಷ್ಟು: ಪಟ್ಟಿ ಓದಿದರೆ ಕೆಟ್ಟ ಡಬ್ಬಿಯನ್ನು ತಳ್ಳಿಹಾಕಬಹುದು, ಒಳ್ಳೆಯದೆಂದು ಪೂರ್ತಿ ಖಾತ್ರಿ ಮಾಡಿಕೊಳ್ಳಲು ಆಗದು.

ಅಲೋ ಬಾರ್ಬಡೆನ್ಸಿಸ್ ಲೀಫ್ ಜ್ಯೂಸ್ ಎಂದು, ಪುಡಿ ಅಲ್ಲದ ರಸದ ಹೆಸರು, ಪಟ್ಟಿಯ ಮೊದಲ ಅಥವಾ ಎರಡನೆಯ ಜಾಗದಲ್ಲಿದ್ದರೆ ಅದು ಭರವಸೆಯ ಲಕ್ಷಣ. ಲೀಫ್ ಎಕ್ಸ್‌ಟ್ರ್ಯಾಕ್ಟ್ ಎಂದಿದ್ದು ತೀರ ಕೆಳಗಿದ್ದರೆ ಅದು ಹೆಸರಿಗೆ ಮಾತ್ರ. ಆಯುರ್ವೇದ ಪರವಾನಗಿಯಲ್ಲಿ ಬರುವ ಡಬ್ಬಿಗಳ ಬರಹ ಬೇರೆ ತೆರನಾಗಿರುತ್ತದೆ. ಹತ್ತು ಗ್ರಾಮಿನಲ್ಲಿ ಕುಮಾರಿ ಇಷ್ಟು ಎಂದು ತೂಕ ಕೊಟ್ಟು, ಉಳಿದದ್ದಕ್ಕೆ ಜೆಲ್ ಬೇಸ್ ಎಂಬ ಒಂದೇ ಮಾತು ಬರೆದಿರುವುದುಂಟು. ಲೋಳೆಸರದ ತೂಕ ತಿಳಿಯುವುದು ಅದರ ಲಾಭ. ಆ ಬೇಸಿನೊಳಗೆ ಏನೇನಿದೆ ಎಂದು ತಿಳಿಯದಿರುವುದು ನಷ್ಟ, ಅಲರ್ಜಿ ಇರುವವರಿಗೆ ಬೇಕಾದ ಮಾಹಿತಿ ಅಲ್ಲೇ ಅಡಗಿರುತ್ತದೆ.

ಮತ್ತೆ ನಮ್ಮ ಪಟ್ಟಿಗೆ ಬರೋಣ. ಜೆಲ್ ಗಟ್ಟಿಯಾಗಿ, ಮುದ್ದೆಯಾಗಿ ನಿಲ್ಲುತ್ತದಲ್ಲ, ಅದು ಲೋಳೆಸರದ ಸತ್ವ ಅಂದುಕೊಳ್ಳುವವರು ಬಹಳ. ಆ ಗಟ್ಟಿತನ ಕಾರ್ಬೋಮರಿನದ್ದು. ನೀರಿಗೆ ಅರ್ಧ ಪ್ರತಿಶತದಷ್ಟು ಈ ಪುಡಿ ಹಾಕಿ, ಟ್ರೈಎಥನಾಲಮೈನಿನಂಥ ಕ್ಷಾರ ಬೆರೆಸಿದರೆ ಒಂದು ಹನಿ ಲೋಳೆಸರ ಇಲ್ಲದೆಯೂ ಹೊಳೆಯುವ ಗಟ್ಟಿ ಜೆಲ್ ಸಿದ್ಧ. ಮನೆಯಲ್ಲೇ ನೋಡಬಹುದು. ಒಂದು ಚಮಚ ಜೆಲ್ ಮೇಲೆ ಚಿಟಿಕೆ ಅಡುಗೆ ಉಪ್ಪು ಉದುರಿಸಿ ಕಲಸಿದರೆ ಕಾರ್ಬೋಮರ್ ಜೆಲ್ ಕ್ಷಣದಲ್ಲಿ ನೀರಾಗುತ್ತದೆ. ಬೆವರಿದ ಮೈಗೆ ಹಚ್ಚಿದಾಗ ಜೆಲ್ ಕರಗಿ ಹರಿಯುವುದೂ ಬೆವರಿನ ಉಪ್ಪಿನಿಂದ. ಕಾರ್ಬೋಮರ್ ಚರ್ಮಕ್ಕೆ ಕೇಡು ಮಾಡುವಂಥದ್ದಲ್ಲ. ಆದರೆ ಗಟ್ಟಿ ಇದೆ ಎಂದು ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಹಸಿರು ಬಣ್ಣವೂ ಹಾಗೆಯೇ. ಸಿಐ ಎಂದು ಶುರುವಾಗುವ ಅಂಕಿಗಳು ಬಣ್ಣದ ಗುರುತು, 19140 ಹಳದಿ, 42090 ನೀಲಿ, ಎರಡೂ ಸೇರಿ ಎಲೆಯ ಹಸಿರು. ನಿಜವಾದ ಲೋಳೆಗೆ ಬಣ್ಣವೇ ಇಲ್ಲ.

ನಾನು ನಿಜಕ್ಕೂ ದೂರವಿಡುವುದು ಬೇರೆ ಕೆಲವನ್ನು. ಸುಟ್ಟ ಚರ್ಮಕ್ಕೆ ಹಚ್ಚುವ ಡಬ್ಬಿಯಲ್ಲಿ ಪರ್ಫ್ಯೂಮ್ ಅಥವಾ ಫ್ರೇಗ್ರೆನ್ಸ್ ಬೇಡವೇ ಬೇಡ. ಸೌಂದರ್ಯವರ್ಧಕಗಳಿಂದ ಆಗುವ ಚರ್ಮದ ಅಲರ್ಜಿಯಲ್ಲಿ ಸುಗಂಧದ್ದು ದೊಡ್ಡ ಪಾಲು. ಆಲ್ಕೊಹಾಲ್ ಡಿನ್ಯಾಟ್ ಎಂದು ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಅದು ಹಚ್ಚಿದ ಕೂಡಲೇ ಆರಿ ತಂಪೆನಿಸುತ್ತದೆ, ಆದರೆ ಉರಿಯುವ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಸಂರಕ್ಷಕಗಳಲ್ಲಿ ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಉದ್ದ ಹೆಸರು ಕಂಡರೆ ಡಬ್ಬಿಯನ್ನು ಕೆಳಗಿಡಿ. ಅಲರ್ಜಿ ಪ್ರಕರಣ ಹೆಚ್ಚಿದ್ದರಿಂದ, ಹಚ್ಚಿ ತೊಳೆಯದೆ ಬಿಡುವ ಲೇಪಗಳಲ್ಲಿ ಅದನ್ನು 2017ರಿಂದ ಯುರೋಪಿನಲ್ಲಿ ನಿಷೇಧಿಸಿದ್ದಾರೆ. ಡಿಎಂಡಿಎಂ ಹೈಡಾಂಟೋಯಿನ್ ನಿಧಾನವಾಗಿ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಎಸ್ಜಿಮಾ ಇರುವವರು ಅದನ್ನೂ ಬಿಡುವುದು ಕ್ಷೇಮ. ಫಿನಾಕ್ಸಿಎಥನಾಲ್, ಪೊಟ್ಯಾಸಿಯಂ ಸಾರ್ಬೇಟ್, ಸೋಡಿಯಂ ಬೆಂಜೋಯೇಟ್ ಬಹುಪಾಲು ಜನರಿಗೆ ತೊಂದರೆ ಕೊಡುವುದಿಲ್ಲ. ಗ್ಲಿಸರಿನ್ ಇದ್ದರೆ ಒಳ್ಳೆಯದೇ, ಅದು ನೀರನ್ನು ಹಿಡಿದಿಡುತ್ತದೆ.

ಇನ್ನು ಬಿಸಿಲಿನ ಸುಡುವಿಕೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಅರ್ಧ ದಿನ ಹೊರಗಿದ್ದವರಿಗೆ ಸಂಜೆ ಮನೆಗೆ ಬಂದಾಗ ಅಷ್ಟು ತಿಳಿಯದೆ, ರಾತ್ರಿ ಕತ್ತಿನ ಹಿಂದೆ, ತೋಳಿನ ಮೇಲೆ ಉರಿ ಏರುತ್ತದೆ. ಸುಡುವಿಕೆ ಪೂರ್ತಿ ಹೊರಬರಲು ಹನ್ನೆರಡರಿಂದ ಇಪ್ಪತ್ನಾಲ್ಕು ತಾಸು ಬೇಕು. ನಮ್ಮ ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದು, ಮುಟ್ಟಿದರೆ ಬಿಸಿ ಮತ್ತು ನೋವು, ಕೆಲವು ದಿನ ಬಿಟ್ಟು ಕಪ್ಪಾಗಿ ಸಿಪ್ಪೆ ಏಳುವುದು ಅದರ ಗುರುತು. ಮೊದಲು ಮಾಡಬೇಕಾದದ್ದು ಲೋಳೆಸರವಲ್ಲ, ನೀರು. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಹಾಕಿ, ಬೇಕಷ್ಟು ನೀರು ಕುಡಿಯಬೇಕು. ಮಂಜುಗಡ್ಡೆ ನೇರವಾಗಿ ಇಡಬಾರದು. ಆಮೇಲೆ ಫ್ರಿಜ್ಜಿನಲ್ಲಿ ತಂಪಾದ ಲೋಳೆಯನ್ನು ತೆಳುವಾಗಿ ಸವರಿ, ಆರಿದ ಮೇಲೆ ಮತ್ತೆ, ದಿನಕ್ಕೆ ಮೂರು ನಾಲ್ಕು ಸಲ ಹಚ್ಚಬಹುದು. ಇದಕ್ಕೆ ಹಳದಿ ರಸ ಹೋಗಲಾಡಿಸಿದ ತಾಜಾ ಎಲೆಯೇ ನನ್ನ ಮೊದಲ ಆಯ್ಕೆ. ಎರಡು ದಿನದ ಕೆಲಸಕ್ಕೆ ಎರಡು ದಿನ ಬಾಳುವ ಲೋಳೆ ಸಾಕು, ಬಣ್ಣ ಸುಗಂಧದ ರಗಳೆ ಇಲ್ಲ.

ಇದರಿಂದ ಎಷ್ಟು ಗುಣವಾಗುತ್ತದೆ ಎಂಬ ಬಗ್ಗೆ ಪ್ರಾಮಾಣಿಕವಾಗಿರಬೇಕು. ಲೋಳೆಸರದ ವೈದ್ಯಕೀಯ ಬಳಕೆಗೆ ಆಧುನಿಕ ಹೆಸರು ಬಂದದ್ದು 1935ರಲ್ಲಿ, ಎಕ್ಸ್‌ರೇ ಕಿರಣಗಳಿಂದ ಕೆಟ್ಟ ಚರ್ಮಕ್ಕೆ ಅಮೆರಿಕದ ವೈದ್ಯರು ತಾಜಾ ಎಲೆ ಬಳಸಿದ ವರದಿ ಪ್ರಕಟವಾದಾಗ. ಬಿಸಿಲಿನ ಸುಡುವಿಕೆಯ ಬಗ್ಗೆ ನಂತರ ನಡೆದ ಪ್ರಯೋಗಗಳ ಫಲಿತಾಂಶ ಮಾತ್ರ ಒಂದೇ ಥರ ಇಲ್ಲ. 2005ರ ಒಂದು ಥಾಯ್ ಅಧ್ಯಯನದಲ್ಲಿ ಲೋಳೆಸರದ ಕ್ರೀಮಿನಿಂದ ಪ್ರಯೋಜನ ಕಾಣಲಿಲ್ಲ. 2008ರ ಜರ್ಮನ್ ಅಧ್ಯಯನದಲ್ಲಿ ಹೆಚ್ಚು ಪ್ರಮಾಣದ ಲೋಳೆ ಇದ್ದ ಜೆಲ್ ಕೆಂಪನ್ನು ಸ್ವಲ್ಪ ತಗ್ಗಿಸಿತು. ತಂಪು ಮತ್ತು ತೇವ ಖಂಡಿತ ಸಿಗುತ್ತವೆ, ಸುಟ್ಟ ಜೀವಕೋಶ ಮರಳಿ ಬರುವುದಿಲ್ಲ. ಬಿಸಿಲಿಗೆ ಹೋಗುವ ಮುನ್ನ ಹಚ್ಚಿಕೊಂಡರೆ ಅದು ಸನ್‌ಸ್ಕ್ರೀನಿನ ಕೆಲಸವನ್ನೂ ಮಾಡದು.

ಲೋಳೆಗೆ ನಿಂಬೆರಸ ಹಿಂಡಿ ಹಚ್ಚುವ ಮನೆಮದ್ದು ಮಾತ್ರ ಅಪಾಯದ್ದು. ನಿಂಬೆಯಲ್ಲಿರುವ ಕೆಲವು ಅಂಶಗಳು ಚರ್ಮದ ಮೇಲೆ ಉಳಿದಿರುವಾಗ ಬಿಸಿಲು ಬಿದ್ದರೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯುತ್ತದೆ. ಹಾಗೆಯೇ ಬೊಬ್ಬೆ ಒಡೆದ, ಸುಲಿದ ಜಾಗಕ್ಕೆ ಮನೆಯ ಲೋಳೆ ಬೇಡ, ಅದು ಕ್ರಿಮಿಗಳಿಲ್ಲದ ಔಷಧವಲ್ಲ. ದೊಡ್ಡ ಭಾಗದಲ್ಲಿ ಬೊಬ್ಬೆ, ಜ್ವರ, ಚಳಿ, ವಾಂತಿ ಬಂದರೆ ಅಥವಾ ಸುಟ್ಟಿದ್ದು ಎಳೆ ಮಗುವಿಗಾದರೆ ವೈದ್ಯರ ಹತ್ತಿರ ಹೋಗಬೇಕು.

ಒಣ ಚರ್ಮದ ವಿಷಯದಲ್ಲಿ ಲೋಳೆಸರದ ಮೇಲೆ ಇಟ್ಟಿರುವ ನಂಬಿಕೆ ಸ್ವಲ್ಪ ಹೆಚ್ಚಾಯಿತು ಎಂದು ನನಗನಿಸುತ್ತದೆ. ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲಿ ಕಾಲು ಬಿರಿದು ಬಿಳಿ ಗೆರೆ ಏಳುವುದು ಚರ್ಮದ ಎಣ್ಣೆಯ ಪದರ ಕಡಿಮೆಯಾಗಿ ನೀರು ಆರಿಹೋಗುವುದರಿಂದ. ಲೋಳೆ ನೀರು ಕೊಡುತ್ತದೆ, ಆ ನೀರನ್ನು ತಡೆದಿಡುವ ಎಣ್ಣೆ ಅದರಲ್ಲಿಲ್ಲ. ಹಚ್ಚಿ ಹಾಗೇ ಬಿಟ್ಟರೆ ಅರ್ಧ ತಾಸಿನಲ್ಲಿ ನೀರು ಆರಿ, ಉಳಿದ ಪೊರೆ ಚರ್ಮವನ್ನು ಬಿಗಿಯಾಗಿ ಎಳೆದಂತಾಗುತ್ತದೆ. ಸ್ನಾನವಾಗಿ ಮೈ ಇನ್ನೂ ಒದ್ದೆ ಇರುವಾಗಲೇ ಲೋಳೆಯನ್ನು ತೆಳುವಾಗಿ ಸವರಿ, ಅದು ಆರುವ ಮುಂಚೆ ಮೇಲೊಂದು ಸುತ್ತು ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿದರೆ ನೀರು ಒಳಗೇ ಉಳಿಯುತ್ತದೆ. ಹಿಮ್ಮಡಿ ಬಿರುಕಿಗೆ ಲೋಳೆಗಿಂತ ವ್ಯಾಸಲೀನೇ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಬಿಸಿಲಿಗೆ ಸುಟ್ಟ ಮೊದಲ ದಿನ ಹೀಗೆ ದಪ್ಪ ಎಣ್ಣೆ ಹಚ್ಚಬೇಡಿ, ಅದು ಕಾವನ್ನು ಒಳಗೇ ಹಿಡಿಯುತ್ತದೆ. ಉರಿ ಇಳಿದು ಸಿಪ್ಪೆ ಏಳಲು ಶುರುವಾದ ಮೇಲೆ ಹಚ್ಚಬಹುದು.

ದಿನಾ ಒಣ ಚರ್ಮಕ್ಕೆ ಹಚ್ಚುವವರಿಗೆ ಪ್ರತಿದಿನ ಎಲೆ ಹೆರೆಯುವುದು ಆಗದ ಮಾತು, ಅವರಿಗೆ ಡಬ್ಬಿಯೇ ಅನುಕೂಲ. ರಸದ ಹೆಸರು ಪಟ್ಟಿಯ ಮೊದಲಲ್ಲಿ ಇರುವ, ಗ್ಲಿಸರಿನ್ ಇರುವ, ಬಣ್ಣ ಸುಗಂಧ ಇಲ್ಲದ ಡಬ್ಬಿಯನ್ನು ಆರಿಸಿಕೊಳ್ಳಿ. ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಡಬ್ಬಿಯನ್ನು ತಿರುಗಿಸಿ, ಮುಂದಿನ ಅಂಕಿಯನ್ನು ಬಿಟ್ಟು ಹಿಂದಿನ ಮೊದಲ ಮೂರು ಹೆಸರನ್ನೂ ಕೊನೆಯ ಮೂರು ಹೆಸರನ್ನೂ ಓದಿ. ಅಕ್ಷರ ತೀರ ಸಣ್ಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಪಟ್ಟಿಯೇ ಇಲ್ಲದ ದೊಡ್ಡ ಡಬ್ಬಿಯನ್ನು ಕೊಳ್ಳಬೇಡಿ.